ಮೊದಲ ಭಾನುವಾರ ಹೇಳಬೇಕಾದ ಮಾತು

2025ರ ಆಗಸ್ಟ್ 24, ಭಾನುವಾರ. ಗಣೇಶ ಹಬ್ಬಕ್ಕೆ ಮೂರು ದಿನ ಇತ್ತು. ಶಿವಮೊಗ್ಗದಲ್ಲಿ ಬೆಳಗ್ಗೆಯಿಂದ ಸಣ್ಣ ಮಳೆ. ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಏಳು ಹುಡುಗ ಹುಡುಗಿಯರು ನನ್ನ ಮುಂದೆ ಕೂತಿದ್ದರು. ಎಲ್ಲರೂ ಸೇರಿ ಮೊದಲ ಸಲ ಒಂದು ಗೇಮ್ ಮಾಡಲು ಹೊರಟಿದ್ದರು. ಸಂಬಳ ಇಲ್ಲ, ಮಾರ್ಕ್ಸ್ ಇಲ್ಲ, ಕಾಲೇಜಿನ ಪ್ರಾಜೆಕ್ಟ್ ಕೂಡ ಅಲ್ಲ. ಆಸೆಯಿಂದ ಸೇರಿದವರು. ಅವರಲ್ಲಿ ಒಬ್ಬಳು ನನ್ನ ತಂಗಿಯ ಸ್ನೇಹಿತೆ. "ಅಕ್ಕ, ನೀವು ಬೆಂಗಳೂರಲ್ಲಿ ಗೇಮ್ ಕೆಲಸಾನೇ ಮಾಡೋದಲ್ವಾ? ಶುರು ಮಾಡೋ ದಿನ ಬಂದು ಒಂದೆರಡು ಮಾತು ಹೇಳಿ, ಸಾಕು" ಎಂದು ಫೋನ್ ಮಾಡಿದ್ದಳು. ಆ ಒಂದೆರಡು ಮಾತಿಗಾಗಿ ನಾನು ಎರಡು ವಾರ ನಿದ್ದೆಗೆಟ್ಟಿದ್ದೆ. ಯಾಕೆಂದರೆ ಹಿಂದೆ ಒಂದು ಸಲ ಇಂಥದ್ದೇ ಮಾತು ಆಡಿದ್ದೆ. ಅದರಿಂದ ಆದದ್ದು ನನಗೆ ಇವತ್ತಿಗೂ ಮರೆತಿಲ್ಲ.

ನಾನು ಓದುವಾಗ ನಾವು ಹನ್ನೊಂದು ಜನ ಸೇರಿ ಒಂದು ಟೀಮ್ ಕಟ್ಟಿದ್ದೆವು. ಮೊದಲ ದಿನ ಹಾಸ್ಟೆಲ್ ತಾರಸಿಯ ಮೇಲೆ ನಲವತ್ತು ನಿಮಿಷ ನಾನೇ ಮಾತಾಡಿದೆ. ನಮ್ಮ ಕಥೆಗಳು ಗೇಮ್ ಆಗಬೇಕು, ನಮ್ಮ ಭಾಷೆಯಲ್ಲಿ ಆಗಬೇಕು, ನಾವೇ ಮಾಡಬೇಕು. ಎಲ್ಲರ ಕಣ್ಣೂ ಹೊಳೆಯುತ್ತಿತ್ತು. ಒಬ್ಬನಂತೂ ಅವತ್ತು ರಾತ್ರಿಯೇ ಆರು ಪುಟ ಕಥೆ ಬರೆದು ಕಳಿಸಿದ. ಆರನೇ ವಾರಕ್ಕೆ ಉಳಿದವರು ಮೂರು ಜನ. ಜಗಳ ಆಗಿರಲಿಲ್ಲ. ಯಾರೂ "ನಾನು ಬಿಡ್ತೀನಿ" ಅಂತ ಹೇಳಿಯೂ ಇರಲಿಲ್ಲ. ಮೊದಲ ಇಂಟರ್ನಲ್ಸ್ ಬಂತು, ಗ್ರೂಪಿನಲ್ಲಿ ಮಾತು ಕಡಿಮೆಯಾಯಿತು. ಇಂಟರ್ನಲ್ಸ್ ಮುಗಿದ ಮೇಲೂ ಅದು ಹಾಗೇ ಉಳಿಯಿತು. ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಕೆಲವರು ಬೇರೆ ದಾರಿ ಹಿಡಿಯುತ್ತಿದ್ದರು. ಸ್ನೇಹಿತರಾಗಿದ್ದವರು.

ಅವರಿಗೆ ಆಸಕ್ತಿ ಇರಲಿಲ್ಲ ಎಂದೇ ನಾನು ಬಹಳ ದಿನ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿ, ನಾಲ್ಕಾರು ಗೇಮ್‌ಗಳು ಮುಗಿಯುವುದನ್ನೂ ನಿಲ್ಲುವುದನ್ನೂ ಹತ್ತಿರದಿಂದ ನೋಡಿದ ಮೇಲೆ ಬೇರೆಯೇ ಅನ್ನಿಸಿತು. ನನ್ನ ಆ ನಲವತ್ತು ನಿಮಿಷದಲ್ಲಿ ಮೂರು ವಿಷಯ ಇರಲೇ ಇಲ್ಲ. ಇದು ಯಾವತ್ತು ಮುಗಿಯುತ್ತದೆ ಅನ್ನುವುದು ಇರಲಿಲ್ಲ. ಆಗದಿದ್ದರೆ ಹೇಗೆ ಬಿಡಬಹುದು ಅನ್ನುವುದು ಇರಲಿಲ್ಲ. ಮಾಡಿದ ಕೆಲಸ ಯಾರದ್ದು ಅನ್ನುವುದೂ ಇರಲಿಲ್ಲ. ಕೊನೆಯ ದಿನಾಂಕ ಗೊತ್ತಿಲ್ಲದೆ, ಬಿಡುವ ದಾರಿ ಗೊತ್ತಿಲ್ಲದೆ, ಇಂಟರ್ನಲ್ಸ್ ತಲೆಯ ಮೇಲೆ ಕೂತಿರುವ ಹತ್ತೊಂಬತ್ತು ವರ್ಷದ ಹುಡುಗ ಏನು ಮಾಡಬೇಕು? ಸುಮ್ಮನಾಗುತ್ತಾನೆ. ಅಷ್ಟೇ.

ಹಾಗಾಗಿ ಈ ಸಲ ನನ್ನ ಮೊದಲ ವಾಕ್ಯ ಇದಾಗಿತ್ತು: "ಈ ಗೇಮ್ ನವೆಂಬರ್ 16, ಭಾನುವಾರ ಸಂಜೆ ಮುಗಿಯುತ್ತೆ. ಅವತ್ತು ಅದು ಯಾವ ಸ್ಥಿತಿಯಲ್ಲಿ ಇರುತ್ತೋ ಅದೇ ಸ್ಥಿತಿಯಲ್ಲಿ ಜನರ ಮುಂದೆ ಇಡ್ತೀವಿ."

ಲ್ಯಾಬ್ ಪೂರ್ತಿ ಮೌನ. ಇವರು ಉತ್ಸಾಹದ ಮಾತಿಗೆ ಕಾದಿದ್ದರು ಅಂತ ಗೊತ್ತಾಯಿತು. ಆದರೂ ಮುಂದುವರಿಸಿದೆ.

ಎಷ್ಟು ಗಂಟೆ ಇದೆ, ನಿಜವಾಗಿ?

"ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ?" ಎಂದು ಕೇಳಿದೆ. ಹತ್ತು, ಹತ್ತು, ಎಂಟು, ಹತ್ತು, ಆರು, ಎಂಟು, ಎಂಟು. ಬೋರ್ಡಿನ ಮೇಲೆ ಬರೆದು ಕೂಡಿದೆ. ವಾರಕ್ಕೆ 60 ಗಂಟೆ. ಹನ್ನೆರಡು ವಾರಕ್ಕೆ 720. ಎಲ್ಲರಿಗೂ ಖುಷಿ. ಆಮೇಲೆ ಒಂದೊಂದು ಹಾಳೆ ಕೊಟ್ಟೆ. "ಹೋದ ವಾರ ಸೋಮವಾರದಿಂದ ನಿನ್ನೆವರೆಗೆ ನೀವು ಏನೇನು ಮಾಡಿದಿರಿ ಅಂತ ನೆನಪಿಸಿಕೊಂಡು ಬರೀರಿ. ಕ್ಲಾಸು, ಬಸ್ಸು, ಊಟ, ರೆಕಾರ್ಡ್ ಬರೆದದ್ದು, ಮನೆ ಕೆಲಸ, ಮಲಗಿದ್ದು, ಎಲ್ಲಾ. ನಿಜವಾಗಿ ಖಾಲಿ ಇದ್ದ ಗಂಟೆಗೆ ಮಾತ್ರ ಗೆರೆ ಎಳೀರಿ." ಇಪ್ಪತ್ತು ನಿಮಿಷ ಬೇಕಾಯಿತು. ದಿನಾ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿಯ ಹಾಳೆಯಲ್ಲಿ ಖಾಲಿ ಇದ್ದದ್ದು ಎರಡೇ ಗಂಟೆ. ಏಳೂ ಹಾಳೆ ಕೂಡಿದಾಗ ಬಂದದ್ದು 23.

"ಎಷ್ಟು ಕೊಡಬಲ್ಲೆ" ಎಂದು ಕೇಳಿದರೆ ಜನ ತಮ್ಮ ಆಸೆಯನ್ನು ಹೇಳುತ್ತಾರೆ. "ಹೋದ ವಾರ ಎಷ್ಟಿತ್ತು" ಎಂದರೆ ಮಾತ್ರ ಸತ್ಯ ಹೊರಬರುತ್ತದೆ. ಟೀಮಿಗೆ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ನಂಬಿ ಯೋಜನೆ ಮಾಡಿದರೆ ಎರಡನೇ ವಾರಕ್ಕೇ ಎಲ್ಲರೂ ಹಿಂದೆ ಬೀಳುತ್ತಾರೆ. ಹಿಂದೆ ಬಿದ್ದವರಿಗೆ ನಾಚಿಕೆ, ನಾಚಿಕೆಯಾದವರು ಗ್ರೂಪ್ ತೆರೆಯುವುದಿಲ್ಲ. ನನ್ನ ಹಳೆಯ ಟೀಮಿನಲ್ಲಿ ಆದದ್ದು ಇದೇ ಎಂದು ಈಗ ನಂಬಿದ್ದೇನೆ.

ವಾರಗಳನ್ನೂ ಹೀಗೇ ಎಣಿಸಿದೆವು. ಹನ್ನೆರಡರಲ್ಲಿ ಎರಡು ಇಂಟರ್ನಲ್ಸ್. ಪ್ರತಿಯೊಂದಕ್ಕೂ ಆ ವಾರ ಮತ್ತು ಅದರ ಹಿಂದಿನ ವಾರ ಹೋಯಿತು, ಅಂದರೆ ನಾಲ್ಕು. ಗಣೇಶ, ದಸರಾ, ದೀಪಾವಳಿ ಎಲ್ಲಾ ಸೇರಿ ಎರಡು ವಾರ. ಉಳಿದದ್ದು ಆರು. 23 ಗಂಟೆ, ಆರು ವಾರ, ಒಟ್ಟು 138. ಇದರಲ್ಲಿ ಮೂರನೇ ಒಂದು ಭಾಗ ಮೀಟಿಂಗಿಗೆ, ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಎಂಜಿನ್ ಕಲಿಯಲಿಕ್ಕೆ, ಒಬ್ಬರು ಮಾಡಿದ್ದು ಇನ್ನೊಬ್ಬರಲ್ಲಿ ಓಡದಿದ್ದಾಗ ಸರಿಮಾಡಲಿಕ್ಕೆ ಹೋಗುತ್ತದೆ. ಮೊದಲ ಗೇಮ್ ಅಲ್ವಾ, ಇನ್ನೂ ಜಾಸ್ತಿಯೇ ಹೋಗಬಹುದು. ಕೈಗೆ ಸಿಗುವುದು ಸುಮಾರು 90 ಗಂಟೆ.

720 ಎಂದು ಬರೆದದ್ದರ ಕೆಳಗೆ 90 ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗ ಮೆಲ್ಲಗೆ ಕೇಳಿದ, "ಹಾಗಾದ್ರೆ ಆಗಲ್ಲ ಅಲ್ವಾ ಅಕ್ಕ?" "ಆಗುತ್ತೆ, 90 ಗಂಟೆಯ ಗೇಮ್ ಆಗುತ್ತೆ" ಎಂದೆ.

ಹಂಪಿಯಿಂದ ಒಂದು ಛತ್ರಿಗೆ

ಅವರ ಮೊದಲ ಕನಸು ಹಂಪಿ. ವಿಜಯನಗರದ ಕಾಲ, ಮೂರು ಆಯಾಮದ ದೊಡ್ಡ ಪಟ್ಟಣ, ಕುದುರೆ, ಮಾರುಕಟ್ಟೆ, ನಾಲ್ಕು ಜನ ಒಟ್ಟಿಗೆ ಆನ್‌ಲೈನ್ ಆಡುವ ವ್ಯವಸ್ಥೆ. ಇದನ್ನು ಕೇಳಿ ನಗುವವರ ಮೇಲೆ ನನಗೆ ಸಿಟ್ಟಿದೆ. ಅದು ಒಳ್ಳೆಯ ಕನಸು. ಯಾರಾದರೂ ಮಾಡಲೇಬೇಕಾದ ಗೇಮ್. ಆದರೆ 90 ಗಂಟೆಯಲ್ಲಿ ವಿರೂಪಾಕ್ಷ ದೇವಸ್ಥಾನದ ಗೋಪುರವೂ ಮುಗಿಯುವುದಿಲ್ಲ.

ಅವರಿಗೆ ನಾನು ಹೇಳಿದ ಕಥೆ ಒಂದೇ. ಅಮೆರಿಕದ ಡಿಜಿಪೆನ್ ಎಂಬ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ನಾರ್ಬಾಕ್ಯುಲರ್ ಡ್ರಾಪ್ ಎಂಬ ಪುಟ್ಟ ಗೇಮ್ ಮಾಡಿದರು. ಅದರಲ್ಲಿ ಒಬ್ಬ ರಾಜಕುಮಾರಿ ಸೆರೆಯಿಂದ ತಪ್ಪಿಸಿಕೊಳ್ಳಬೇಕು. ಅವಳಿಗೆ ಜಿಗಿಯಲು ಬರುವುದಿಲ್ಲ. ಗೇಮ್‌ನಲ್ಲಿ ಜಿಗಿತವೇ ಇಲ್ಲ! ಅದಕ್ಕೆ ಅವಳ ಹೆಸರಿನಲ್ಲೇ ಕಾರಣ ಇಟ್ಟರು, ಮೊಣಕಾಲೇ ಇಲ್ಲದ ರಾಜಕುಮಾರಿ ಎಂದು. ಇರುವುದು ಒಂದೇ ವಿದ್ಯೆ. ಒಂದು ಗೋಡೆಯಲ್ಲಿ ಬಾಗಿಲು ತೆರೆದು ಇನ್ನೊಂದು ಗೋಡೆಯಿಂದ ಹೊರಬರುವುದು. ಗೇಮ್ ಮಾಡುವ ವಾಲ್ವ್ ಕಂಪನಿ ಅದನ್ನು ನೋಡಿ ಆ ಟೀಮನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಅದೇ ಯೋಚನೆ ಬೆಳೆದು 2007ರಲ್ಲಿ ಪೋರ್ಟಲ್ ಎಂಬ ಹೆಸರಾಂತ ಗೇಮ್ ಆಯಿತು. ಕೆಲಸ ಸಿಕ್ಕಿತು ಅನ್ನುವುದಕ್ಕೆ ಈ ಕಥೆ ಹೇಳಿದ್ದಲ್ಲ. ಜಿಗಿತವನ್ನು ಬಿಟ್ಟದ್ದಕ್ಕೆ ಹೇಳಿದ್ದು. ಎಲ್ಲಾ ಗೇಮ್‌ನಲ್ಲೂ ಇರುವುದು ನಮ್ಮದರಲ್ಲೂ ಇರಬೇಕಿಲ್ಲ, ಇಲ್ಲದಿರುವುದಕ್ಕೆ ಕಥೆಯೊಳಗೆ ಒಂದು ಕಾರಣ ಕೊಟ್ಟರೆ ಆಡುವವರು ಒಪ್ಪಿಕೊಳ್ಳುತ್ತಾರೆ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ಕೈಯಲ್ಲಿ ಒಂದೇ ಬಟನ್ ಇದೆ. ಅದು ಏನು ಮಾಡುತ್ತೆ?" ಜಿಗಿಯುತ್ತೆ, ಹೊಡೆಯುತ್ತೆ ಎಂದೆಲ್ಲ ಬಂತು. ತೀರ್ಥಹಳ್ಳಿಯ ಹುಡುಗಿ ಕಿಟಕಿಯ ಕಡೆ ನೋಡುತ್ತಾ, "ಛತ್ರಿ ಬಿಚ್ಚುತ್ತೆ" ಅಂದಳು.

ಎಲ್ಲರೂ ತಿರುಗಿದರು. ಅವಳು ವಿವರಿಸಿದಳು. ಸ್ಕೂಲಿಗೆ ಹೋಗುವ ಹುಡುಗಿ. ಗುಡ್ಡದ ದಾರಿ. ಜೋರು ಮಳೆ. ಬಟನ್ ಒತ್ತಿ ಹಿಡಿದರೆ ಛತ್ರಿ ಬಿಚ್ಚಿರುತ್ತದೆ, ಬಿಟ್ಟರೆ ಮಡಚಿಕೊಳ್ಳುತ್ತದೆ. ಮಡಚಿದರೆ ಬ್ಯಾಗಿನ ಪುಸ್ತಕ ನೆನೆಯುತ್ತದೆ. ಬಿಚ್ಚಿದ್ದಾಗ ಗಾಳಿ ಬೀಸಿದರೆ ಛತ್ರಿ ಉಲ್ಟಾ ಆಗುತ್ತದೆ, ಅದನ್ನು ಸರಿ ಮಾಡಿಕೊಳ್ಳುವಷ್ಟರಲ್ಲಿ ಇನ್ನೂ ನೆನೆಯುತ್ತೀರಿ. ಪುಸ್ತಕ ಪೂರ್ತಿ ನೆನೆಯುವ ಮೊದಲು ಸ್ಕೂಲ್ ಮುಟ್ಟಬೇಕು. ಮಲೆನಾಡಿನಲ್ಲಿ ಬೆಳೆದ ಯಾರಿಗಾದರೂ ಇದು ಕೈಗೇ ಗೊತ್ತು. ಗಾಳಿಯ ಸದ್ದು ಕೇಳಿದ ತಕ್ಷಣ ಛತ್ರಿಯನ್ನು ಮುಂದಕ್ಕೆ ಬಾಗಿಸುವುದು, ಅರ್ಧ ಮಡಚುವುದು. ಹಂಪಿಯನ್ನು ಇವರು ನೋಡಿದ್ದು ಎರಡು ಸಲ. ಈ ಮಳೆಯನ್ನು ಇಪ್ಪತ್ತು ವರ್ಷ ನೋಡಿದ್ದಾರೆ.

ಒಪ್ಪಿಗೆಯಾಗಲು ಹತ್ತು ನಿಮಿಷ ಸಾಕಾಯಿತು. ಆದರೆ ಒಪ್ಪಿಕೊಂಡ ಮರುಕ್ಷಣವೇ "ಜೊತೆಗೆ" ಶುರುವಾಯಿತು. ಜೊತೆಗೆ ನಾಯಿ ಇರಲಿ. ಜೊತೆಗೆ ತಮ್ಮ ಇರಲಿ. ಜೊತೆಗೆ ಹಳ್ಳ ದಾಟುವುದು ಇರಲಿ. ಇಲ್ಲಿ ನಾನು ಚಿತ್ರ ಬಿಡಿಸುವ ಹುಡುಗನನ್ನು ಬೋರ್ಡಿಗೆ ಕರೆದೆ. ನಡೆಯುವ ಹುಡುಗಿಗೆ ಎಂಟು ಚಿತ್ರ ಬೇಕು, ಒಂದೊಂದಕ್ಕೆ ಮುಕ್ಕಾಲು ಗಂಟೆ ಎಂದ. ಆರು ಗಂಟೆ. ಛತ್ರಿ ಬಿಚ್ಚಿಕೊಂಡು ನಡೆಯುವುದು ಬೇರೆ, ಮಡಚಿಕೊಂಡು ನಡೆಯುವುದು ಬೇರೆ. ಹನ್ನೆರಡು ಗಂಟೆ. ಒಣಗಿದ್ದಾಗ ಒಂದು, ನೆನೆದಾಗ ಒಂದು. ಇಪ್ಪತ್ನಾಲ್ಕು. ಒಂದು ನಡಿಗೆಗೇ ನಮ್ಮ 90ರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು! "ಜೊತೆಗೆ" ಎಂಬ ಮಾತು ಕೆಲಸವನ್ನು ಕೂಡುವುದಿಲ್ಲ, ಗುಣಿಸುತ್ತದೆ. ಇದನ್ನು ಅವನೇ ತನ್ನ ಕೈಯಾರೆ ಬರೆದು ನೋಡಿದ್ದರಿಂದ ನಾನು ಬೇರೆ ಹೇಳಬೇಕಾಗಲಿಲ್ಲ.

ಆಮೇಲೆ ಅವನೇ ದಾರಿಯನ್ನೂ ಹುಡುಕಿದ. ಛತ್ರಿಯನ್ನು ಹುಡುಗಿಯ ಚಿತ್ರದಿಂದ ಬೇರೆ ಮಾಡಿ, ಕೈಯ ಜಾಗಕ್ಕೆ ಅಂಟಿಸಿದರೆ? ಬಿಚ್ಚಿದ್ದು, ಮಡಚಿದ್ದು, ಉಲ್ಟಾ ಆದದ್ದು, ಮೂರೇ ಸಣ್ಣ ಚಿತ್ರ, ಎಲ್ಲಾ ಸೇರಿ ಒಂದು ಗಂಟೆ. ನೆನೆದದ್ದನ್ನು ಬಿಡಿಸುವುದೇ ಬೇಡ. ಗೋಡೋ ಎಂಜಿನ್‌ನಲ್ಲಿ `modulate` ಎಂಬ ಒಂದು ಬೆಲೆ ಇದೆ. ಅದನ್ನು ಬದಲಿಸಿದರೆ ಅದೇ ಚಿತ್ರದ ಬಣ್ಣ ಸ್ವಲ್ಪ ಕಪ್ಪಾಗಿ, ನೀಲಿಯಾಗಿ ಕಾಣುತ್ತದೆ. ಇಪ್ಪತ್ನಾಲ್ಕು ಗಂಟೆ ಏಳಕ್ಕೆ ಇಳಿಯಿತು. ನಾಯಿ, ತಮ್ಮ, ಹಳ್ಳ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ತಲೆಬರಹ: "ಮುಂದಿನ ಗೇಮಿಗೆ". ಬೇಡ ಅಂದರೆ ಹೇಳಿದವರಿಗೆ ನೋವಾಗುತ್ತದೆ, ಈ ಹಾಳೆಗೆ ಹೋದರೆ ಆಗುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಮುಗಿಸಿದೆ. ಏನು ಇರಬೇಕು, ಏನು ಬೇಡ ಅನ್ನುವುದಕ್ಕೆ ಕೊನೆಯ ಮಾತು ಒಬ್ಬರದ್ದು. ಛತ್ರಿಯ ಹುಡುಗಿಯದ್ದು. ವೋಟು ಹಾಕುತ್ತಾ ಹೋದರೆ ಯಾರ ಮನಸ್ಸೂ ನೋಯಬಾರದು ಅಂತ ಎಲ್ಲವೂ ಒಳಗೆ ಬರುತ್ತದೆ. ಹೇಗೆ ಮಾಡಬೇಕು ಅನ್ನುವುದು ಮಾತ್ರ ಆ ಕೆಲಸ ಮಾಡುವವರಿಗೆ ಬಿಟ್ಟದ್ದು.

ಬಿಡುವ ದಾರಿ

ಇದನ್ನು ಹೇಳಲು ನನಗೆ ಧೈರ್ಯ ಬೇಕಾಯಿತು. ಶುರುವಿನ ದಿನ ಬಿಡುವ ಮಾತು ಆಡಬಾರದು ಎಂದು ನಮ್ಮಲ್ಲಿ ಒಂದು ಭಾವನೆ ಇದೆ, ಅಪಶಕುನದ ಹಾಗೆ. ಆದರೂ ಹೇಳಿದೆ. "ನಿಮ್ಮಲ್ಲಿ ಒಬ್ಬರೋ ಇಬ್ಬರೋ ನವೆಂಬರ್ ತನಕ ಇರಲ್ಲ. ಯಾರು ಅಂತ ಈಗ ನಿಮಗೂ ಗೊತ್ತಿಲ್ಲ. ಮನೆಯಲ್ಲಿ ಏನಾದರೂ ಆಗಬಹುದು, ಬ್ಯಾಕ್‌ಲಾಗ್ ಇರಬಹುದು, ಸುಮ್ನೆ ಇಷ್ಟ ಆಗದೆಯೂ ಹೋಗಬಹುದು. ಹೇಗೆ ಬಿಡೋದು ಅಂತ ಇವತ್ತೇ ಮಾತಾಡಿಕೊಳ್ಳೋಣ."

ನಾವು ಮಾಡಿಕೊಂಡ ನಿಯಮ ಹೀಗಿತ್ತು. ಯಾರಾದರೂ ಹತ್ತು ದಿನ ಏನೂ ಕಳಿಸದಿದ್ದರೆ, ಏನೂ ಹೇಳದಿದ್ದರೆ, ಒಬ್ಬರು ಅವರಿಗೆ ಫೋನ್ ಮಾಡಬೇಕು. ಗ್ರೂಪಿನಲ್ಲಿ ಕೇಳುವಂತಿಲ್ಲ. ಎಲ್ಲರ ಮುಂದೆ "ಎಲ್ಲಿದ್ದೀಯಾ" ಎಂದು ಕೇಳಿದರೆ ಅದು ಬೈದ ಹಾಗೆಯೇ. ಫೋನಿನಲ್ಲಿ ಕೇಳುವುದು ಒಂದೇ: ಸಣ್ಣ ಕೆಲಸ ತಗೊಂಡು ಮುಂದುವರಿಸ್ತೀಯಾ, ಇಂಟರ್ನಲ್ಸ್ ಮುಗಿಯೋ ತನಕ ನಿಲ್ಲಿಸ್ತೀಯಾ, ಅಥವಾ ಬಿಡ್ತೀಯಾ? ಮೂರಕ್ಕೂ "ಸರಿ" ಎಂಬುದೇ ಉತ್ತರ. ಕಾರಣ ಕೇಳುವ ಹಾಗಿಲ್ಲ. ಮಾಡಿದ ಕೆಲಸ ಗೇಮ್‌ನಲ್ಲಿ ಇದ್ದರೆ ಹೆಸರೂ ಇರುತ್ತದೆ.

ಬಿಡುವವರಿಗೆ ಬಾಧ್ಯತೆ ಒಂದೇ. ಅವರ ಕೆಲಸದ ಮೂಲ ಫೈಲು ಟೀಮಿನ ಹತ್ತಿರ ಇರಬೇಕು. ಅದಕ್ಕೆ ಪ್ರತಿ ಭಾನುವಾರ ರಾತ್ರಿ ಎಲ್ಲರೂ ಎಲ್ಲವನ್ನೂ ಒಂದೇ ಜಾಗಕ್ಕೆ ಹಾಕುವುದು. ಇದು ನಾನು ಪೆಟ್ಟು ತಿಂದು ಕಲಿತದ್ದು. ನಮ್ಮ ಹಳೆಯ ಟೀಮಿನಲ್ಲಿ ಚಿತ್ರ ಬಿಡಿಸುತ್ತಿದ್ದವಳು ಸುಮ್ಮನಾದ ಮೇಲೆ ನಮ್ಮ ಹತ್ತಿರ ಉಳಿದದ್ದು ಅವಳು ವಾಟ್ಸಾಪಿನಲ್ಲಿ ಕಳಿಸಿದ್ದ ಚಿತ್ರಗಳು ಮಾತ್ರ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಪಾರದರ್ಶಕವಾಗಿದ್ದ ಹಿನ್ನೆಲೆ ಉಳಿಯುವುದಿಲ್ಲ. ಪಾತ್ರದ ಸುತ್ತ ಬಿಳಿ ಚೌಕ, ಅಂಚಿನಲ್ಲಿ ಮಸುಕು. ಪದರ ಪದರವಾಗಿದ್ದ ಮೂಲ ಫೈಲು ಅವಳ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪ್ ಅವಳ ಊರಿನಲ್ಲಿ. ಕೇಳಲು ನನಗೆ ಮುಜುಗರ, ಕೊಡಲು ಅವಳಿಗೆ ಮುಜುಗರ. ಅವಳು ಎರಡು ತಿಂಗಳು ಕೂತು ಮಾಡಿದ ಕೆಲಸ ಹಾಗೇ ಹೋಯಿತು.

ಸಂಗೀತದ್ದು ಇನ್ನೂ ಕಷ್ಟವಾಯಿತು. ಹುಡುಗ ಬಿಟ್ಟು ಹೋಗಿದ್ದ, ಹಾಡಿನ ಫೈಲು ನಮ್ಮ ಹತ್ತಿರ ಇತ್ತು. ಬಳಸಬಹುದಾ? ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರೂ ಕೆಲಸಕ್ಕಿಟ್ಟುಕೊಂಡಿರದಿದ್ದರೆ, ದುಡ್ಡನ್ನೂ ಕೊಟ್ಟಿರದಿದ್ದರೆ, ಮಾಡಿದವರೇ ಅದರ ಮೊದಲ ಒಡೆಯರು. ಟೀಮಿಗಾಗಿ ಮಾಡಿದ್ದು ಅಂದ ಮಾತ್ರಕ್ಕೆ ಅದು ಟೀಮಿನದ್ದಾಗುವುದಿಲ್ಲ. ಹಕ್ಕು ಕೊಡಬೇಕಾದರೆ ಬರಹದಲ್ಲಿ ಇರಬೇಕು, ಸಹಿ ಇರಬೇಕು. ಬರಹದಲ್ಲಿ ಎಷ್ಟು ವರ್ಷಕ್ಕೆ ಎಂದು ಹೇಳದಿದ್ದರೆ ಕಾನೂನು ಅದನ್ನು ಐದೇ ವರ್ಷ ಎಂದು ತಿಳಿಯುತ್ತದೆ. ಎಲ್ಲೆಲ್ಲಿ ಎಂದು ಹೇಳದಿದ್ದರೆ ಭಾರತದೊಳಗೆ ಮಾತ್ರ. ಬಳಸಲು ಬರೀ ಅನುಮತಿ ಕೊಡುವಾಗಲೂ ಹೆಚ್ಚುಕಡಿಮೆ ಇದೇ ನಿಯಮ. ಇಂಟರ್ನೆಟ್ಟಿನಲ್ಲಿ ಇಡುವ ಗೇಮಿಗೆ "ಭಾರತದೊಳಗೆ ಮಾತ್ರ" ಎಂದರೆ ಏನು ಉಪಯೋಗ?

ಅದಕ್ಕೆ ಅವತ್ತು ಅರ್ಧ ಪುಟದ ಕಾಗದ ತಯಾರು ಮಾಡಿಕೊಂಡು ಹೋಗಿದ್ದೆ. ಅದರಲ್ಲಿದ್ದದ್ದು ಇಷ್ಟು. ನಾನು ಮಾಡಿದ್ದು ನನ್ನದೇ. ಈ ಒಂದು ಗೇಮಿನಲ್ಲಿ ಬಳಸಲು, ಬದಲಿಸಲು ಟೀಮಿಗೆ ಅನುಮತಿ ಕೊಟ್ಟಿದ್ದೇನೆ. ಪ್ರಪಂಚದ ಎಲ್ಲ ಕಡೆಗೆ, ಕೃತಿಸ್ವಾಮ್ಯ ಇರುವಷ್ಟು ಕಾಲ. ನಾನು ಟೀಮ್ ಬಿಟ್ಟರೂ, ಟೀಮ್ ತಡವಾಗಿ ಬಳಸಿದರೂ ಈ ಅನುಮತಿ ಇರುತ್ತದೆ. ಗೇಮ್ ಉಚಿತ, ಯಾವತ್ತಾದರೂ ಮಾರುವುದಾದರೆ ಎಲ್ಲರೂ ಮತ್ತೆ ಕೂತು ಹೊಸದಾಗಿ ಬರೆಯಬೇಕು. ಏಳು ಸಹಿ. ನಾಳೆ ದುಡ್ಡಿನ ಮಾತು ಬಂದರೆ ವಕೀಲರ ಹತ್ತಿರ ತೋರಿಸಲೇಬೇಕು, ಆದರೆ ಶುರುವಿಗೆ ಇದು ಇರಲೇಬೇಕು. ಸಹಿ ಮಾಡುವಾಗ ಒಬ್ಬ ಹುಡುಗ, "ಇದೆಲ್ಲಾ ಸ್ನೇಹಿತರ ಮಧ್ಯೆ ಬೇಕಾ ಅಕ್ಕ?" ಅಂದ. ಹಳೆಯ ಹಾಡಿನ ಕಥೆ ಹೇಳಿದೆ. ಆ ಹುಡುಗನೂ ನಾನೂ ಇವತ್ತಿಗೂ ಸರಿಯಾಗಿ ಮಾತಾಡುವುದಿಲ್ಲ ಎಂದೂ ಹೇಳಿದೆ. ಸಹಿ ಮಾಡಿದ.

ಏಳು ಹೆಸರು, ಒಂದು ಫೈಲು

ಮಾತು ಅಲ್ಲಿಗೆ ನಿಲ್ಲಿಸಿದೆ. ಟೀ ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ತೆರೆದು, ಒಂದು ಬದಲಾವಣೆ ಮಾಡಿ, ಎಲ್ಲರ ಕೆಲಸವನ್ನೂ ಒಂದೇ ಜಾಗದಲ್ಲಿ ಸೇರಿಸಿಡುವ ಗಿಟ್‌ಗೆ ಕಳಿಸಬೇಕು. ಬದಲಾವಣೆ ಏನೆಂದರೆ `credits.txt` ಎಂಬ ಫೈಲಿನ ಕೊನೆಗೆ ತಮ್ಮ ಹೆಸರು ಬರೆಯುವುದು. ಅವರವರ ಕೆಲಸದ ಹೆಸರಿನ ಬ್ರಾಂಚಿನಲ್ಲಿ, ಅಂದರೆ ಪ್ರಾಜೆಕ್ಟಿನ ಬೇರೆ ಪ್ರತಿಯಲ್ಲಿ, ಬರೆದು, ಆಮೇಲೆ ಒಂದೊಂದಾಗಿ ಸೇರಿಸುವುದು.

ಎರಡು ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ತೆರೆಯಲೇ ಇಲ್ಲ. ಹಳೆಯವು. ಇದು ಗೊತ್ತಾಗಲೆಂದೇ ಆ ಕೆಲಸ ಕೊಟ್ಟದ್ದು. ಗೋಡೋದಲ್ಲಿ ಹೊಸ ಪ್ರಾಜೆಕ್ಟ್ ಮಾಡುವಾಗ ಚಿತ್ರ ಮೂಡಿಸುವ ವಿಧಾನ ಆರಿಸಬೇಕು. ಇವರು ಮೊದಲೇ ಗುರುತಾಗಿದ್ದ `Forward+` ಅನ್ನೇ ಬಿಟ್ಟಿದ್ದರು. `Compatibility`ಗೆ ಬದಲಿಸಿದ ಮೇಲೆ ಎರಡರಲ್ಲೂ ತೆರೆಯಿತು. ಬ್ರೌಸರಿನಲ್ಲಿ ಆಡುವ ಗೇಮಿಗೂ ಗೋಡೋ 4ರಲ್ಲಿ ಇದೇ ಬೇಕು. ಎಂಟನೇ ವಾರ ಗೊತ್ತಾಗಿದ್ದರೆ ಬಣ್ಣ, ಬೆಳಕು ಎಲ್ಲಾ ಮತ್ತೆ ಹೊಂದಿಸಬೇಕಿತ್ತು. ಮೊದಲ ದಿನ ಗೊತ್ತಾಗಿದ್ದಕ್ಕೆ ಐದು ನಿಮಿಷ ಸಾಕಾಯಿತು.

ಆಮೇಲೆ ನಾನು ಕಾದಿದ್ದದ್ದು ಬಂತು. ಮೊದಲ ಹೆಸರು ಸುಲಭವಾಗಿ ಸೇರಿತು. ಎರಡನೆಯದನ್ನು ಸೇರಿಸಲು ಹೋದಾಗ ಪರದೆಯಲ್ಲಿ ಹೀಗೆ ಬಂತು, ಹೆಸರಿನ ಬದಲು ಇಲ್ಲಿ ಅವರವರ ಕೆಲಸ ಬರೆದಿದ್ದೇನೆ:

```
<<<<<<< HEAD
ಗಾಳಿ ಮತ್ತು ಕೋಡ್
=======
ಚಿತ್ರಗಳು
>>>>>>> chitra
```

ಇಬ್ಬರೂ ಒಂದೇ ಫೈಲಿನ ಒಂದೇ ಜಾಗದಲ್ಲಿ ಬರೆದಿದ್ದರು. ಯಾವುದು ಇರಬೇಕು ಎಂದು ಗಿಟ್‌ಗೆ ತಿಳಿಯದು, ನಮ್ಮನ್ನೇ ಕೇಳುತ್ತದೆ. ಚಿತ್ರದ ಹುಡುಗನ ಮುಖ ಬಿಳಿಚಿಕೊಂಡಿತು. "ನಾನು ಏನಾದ್ರೂ ಹಾಳು ಮಾಡಿದ್ನಾ?" ಅಂದ. ಇಲ್ಲ. ಎರಡೂ ಸಾಲು ಉಳಿಸಿಕೊಂಡು ಮೂರು ಗುರುತಿನ ಸಾಲು ಅಳಿಸು, ಸೇವ್ ಮಾಡು, ಗಿಟ್‌ನಲ್ಲಿ `add`, `commit` ಮಾಡು, ಕಳಿಸು, ಅಷ್ಟೇ. ಏಳು ಜನರಲ್ಲಿ ಆರು ಜನರಿಗೆ ಹೀಗೇ ಬಂತು. ಆರನೆಯವನು ನನ್ನನ್ನು ಕರೆಯಲೂ ಇಲ್ಲ, ಪಕ್ಕದವಳೇ ಹೇಳಿಕೊಟ್ಟಳು.

ಹೆಸರಿನ ಫೈಲಿನಲ್ಲಿ ಇದು ಬಂದರೆ ಏನೂ ನಷ್ಟವಿಲ್ಲ. ಇದೇ ಗೇಮಿನ ಮುಖ್ಯ ಸೀನ್ ಫೈಲಾದ `main.tscn`ನಲ್ಲಿ, ರಾತ್ರಿ ಹನ್ನೊಂದಕ್ಕೆ, ಒಬ್ಬಳೇ ಕೂತಿದ್ದಾಗ ಮೊದಲ ಸಲ ಬಂದರೆ ಹೆದರಿ ಇನ್ನೊಬ್ಬರ ಕೆಲಸವನ್ನು ಅಳಿಸಿಬಿಡುತ್ತಾರೆ. ಅಥವಾ ಕಳಿಸುವುದನ್ನೇ ನಿಲ್ಲಿಸುತ್ತಾರೆ, ಅದು ಇನ್ನೂ ಕೆಟ್ಟದ್ದು. ಗೋಡೋದ ಸೀನ್ ಫೈಲು ಬರೀ ಅಕ್ಷರಗಳೇ ಆದರೂ ಅದರೊಳಗಿನ ಗುರುತುಗಳನ್ನು ಕೈಯಿಂದ ಹೊಂದಿಸುವುದು ಹೊಸಬರಿಗೆ ಕಷ್ಟ. ಆದ್ದರಿಂದ ಹುಡುಗಿಗೆ ಒಂದು ಸೀನ್, ಛತ್ರಿಗೆ ಒಂದು, ಗಾಳಿಗೆ ಒಂದು, ದಾರಿಗೆ ಒಂದು. ಒಂದೊಂದಕ್ಕೆ ಒಬ್ಬೊಬ್ಬರು. ಇನ್ನೊಬ್ಬರದ್ದನ್ನು ಮುಟ್ಟಬೇಕಾದರೆ ಮೊದಲು ಕೇಳಿ ಮುಟ್ಟುವುದು.

ಗಾಳಿ ಬರುವ ಮುಂಚೆ

ನಾಲ್ಕನೇ ಭಾನುವಾರ ಮತ್ತೆ ಹೋದೆ. ಚಿತ್ರ ಇನ್ನೂ ಬಂದಿರಲಿಲ್ಲ. ಬೂದು ಬಣ್ಣದ ಒಂದು ಚೌಕ ನಡೆಯುತ್ತಿತ್ತು, ಅದರ ತಲೆಯ ಮೇಲೆ ಒಂದು ಗೆರೆ ಬಿಚ್ಚಿಕೊಳ್ಳುತ್ತಿತ್ತು, ಮಡಚಿಕೊಳ್ಳುತ್ತಿತ್ತು. ಮೊದಲ ದಿನ ಹೇಳಿದ್ದು ಅದನ್ನೇ. ಚಿತ್ರ ಹಾಕುವ ಮೊದಲು ಹೊರಗಿನವರೊಬ್ಬರಿಗೆ ಆಡಲು ಕೊಡಿ, ಅವರು ಆಡುವಾಗ ನೀವು ಬಾಯಿ ತೆರೆಯಬೇಡಿ. ಕ್ಯಾಂಟೀನ್ ನಡೆಸುವವರ ಮಗ ಪಿಯುಸಿ ಓದುತ್ತಾನೆ, ಭಾನುವಾರ ಅಪ್ಪನ ಜೊತೆ ಬಂದಿದ್ದ. ಅವನ ಕೈಗೆ ಫೋನ್ ಕೊಟ್ಟರು. ಏಳು ಜನ ಅವನ ಹಿಂದೆ ನಿಂತರು.

ಮೊದಲ ಗಾಳಿ, ಛತ್ರಿ ಉಲ್ಟಾ. ಎರಡನೆಯದು, ಉಲ್ಟಾ. ಮೂರನೆಯದು, ಉಲ್ಟಾ. ನಾಲ್ಕನೆಯದಕ್ಕೆ ಅವನು ಫೋನ್ ಕೆಳಗಿಟ್ಟ. "ಇದು ಸುಮ್ನೆ ಉಲ್ಟಾ ಆಗ್ತದೆ" ಅಂದ.

ಅವನು ಹೋದ ಮೇಲೆ ಚರ್ಚೆ. ಗಾಳಿ ಜೋರಾಯಿತು, ಕಡಿಮೆ ಮಾಡೋಣ ಎಂದರು ಹೆಚ್ಚಿನವರು. ಛತ್ರಿಯ ಹುಡುಗಿ ಮಾತ್ರ ಬೇರೆ ಏನನ್ನೋ ನೋಡಿದ್ದಳು. ಅವಳು ಪರದೆ ನೋಡಿರಲಿಲ್ಲ, ಅವನ ಹೆಬ್ಬೆರಳು ನೋಡಿದ್ದಳು. "ಪ್ರತಿ ಸಲಾನೂ ಉಲ್ಟಾ ಆದ ಮೇಲೆ ಬೆರಳು ಎತ್ತಿದ. ಮೊದಲು ಎತ್ತಲಿಲ್ಲ. ಗಾಳಿ ಬರ್ತಾ ಇದೆ ಅಂತ ಅವನಿಗೆ ಗೊತ್ತೇ ಆಗ್ಲಿಲ್ಲ." ಕೋಡ್ ತೆರೆದು ನೋಡಿದೆವು. ಹುಲ್ಲು ಬಾಗುವುದಕ್ಕೂ ಗಾಳಿ ಛತ್ರಿಗೆ ತಾಗುವುದಕ್ಕೂ ನಡುವೆ ಇದ್ದದ್ದು 0.2 ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಆಡಿಸಲು ಮನುಷ್ಯರಿಗೆ ಹೆಚ್ಚುಕಡಿಮೆ ಅಷ್ಟೇ ಸಮಯ ಬೇಕು, ಅದೂ ಅದಕ್ಕಾಗಿಯೇ ಕಾದು ಕೂತಿದ್ದರೆ. ಟೀಮಿನವರಿಗೆ ಇದು ಗೊತ್ತಾಗಿರಲಿಲ್ಲ. ಗಾಳಿ ಎಲ್ಲೆಲ್ಲಿ ಬರುತ್ತದೆ ಎಂದು ಅವರಿಗೆ ಬಾಯಿಪಾಠವಾಗಿತ್ತು, ಬೆರಳು ಮೊದಲೇ ಏಳುತ್ತಿತ್ತು. ಗಾಳಿಯ ಜೋರನ್ನು ಕಡಿಮೆ ಮಾಡಿದ್ದರೆ ಗೇಮ್ ಸಪ್ಪೆಯಾಗುತ್ತಿತ್ತು, ಅನ್ಯಾಯ ಮಾತ್ರ ಹಾಗೇ ಉಳಿಯುತ್ತಿತ್ತು.

0.2 ಇದ್ದದ್ದನ್ನು 0.7 ಮಾಡಿದರು. ಜೋರು ಹಾಗೇ ಇಟ್ಟರು. ಹುಲ್ಲು ಬಾಗುವುದಕ್ಕೂ ಮುಂಚೆ ದೂರದಿಂದ ಗಾಳಿಯ ಸದ್ದು ಬರುವ ಹಾಗೆ ಮಾಡಿದರು. ಮುಂದಿನ ಭಾನುವಾರ ಅದೇ ಹುಡುಗ, ಅದೇ ಫೋನ್. ಮೊದಲ ಗಾಳಿಗೆ ಛತ್ರಿ ಉಲ್ಟಾ ಆಯಿತು. ಎರಡನೆಯದಕ್ಕೆ ಸದ್ದು ಕೇಳಿಸಿದಾಗ ಅವನ ಬೆರಳು ತಾನೇ ಎದ್ದಿತು. "ಬಂತು ಬಂತು" ಎಂದು ತನಗೆ ತಾನೇ ಹೇಳಿಕೊಂಡ. ಹಿಂದೆ ನಿಂತ ಏಳು ಜನರೂ ಉಸಿರು ಬಿಗಿಹಿಡಿದಿದ್ದರು, ಯಾರೂ ಬಾಯಿ ತೆರೆಯಲಿಲ್ಲ.

ಅಕ್ಟೋಬರಿನಲ್ಲಿ ಒಬ್ಬ ಬಿಟ್ಟ. ಸದ್ದುಗಳನ್ನು ಮಾಡುತ್ತಿದ್ದವನು. ಹತ್ತು ದಿನ ಸುಮ್ಮನಿದ್ದ, ಛತ್ರಿಯ ಹುಡುಗಿ ಫೋನ್ ಮಾಡಿದಳು, ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಅವನ ಫೈಲುಗಳೆಲ್ಲ ಆಗಲೇ ಇರಬೇಕಾದ ಜಾಗದಲ್ಲಿ ಇದ್ದವು. ನವೆಂಬರ್ 16ರ ಸಂಜೆ ಗೇಮನ್ನು, ಯಾರು ಬೇಕಾದರೂ ತಮ್ಮ ಗೇಮ್ ಇಡಬಹುದಾದ itch.io ತಾಣಕ್ಕೆ ಹಾಕುವಾಗ ಅವನೂ ಲ್ಯಾಬಿಗೆ ಬಂದಿದ್ದ, ಎಲ್ಲರಿಗೂ ಬೋಂಡ ಕಟ್ಟಿಸಿಕೊಂಡು. ಗೇಮ್ ಮೂರು ನಿಮಿಷದ್ದು. ಎರಡನೇ ತಿರುವಿನಲ್ಲಿ ಹುಡುಗಿಯ ಕಾಲು ಸ್ವಲ್ಪ ನೆಲದೊಳಗೆ ಹೋಗುತ್ತದೆ, ಅದು ಹಾಗೇ ಉಳಿಯಿತು. ಕೊನೆಗೆ ಏಳು ಹೆಸರು ಬರುತ್ತವೆ, `credits.txt`ನಲ್ಲಿ ಮೊದಲ ದಿನ ಬರೆದ ಅದೇ ಕ್ರಮದಲ್ಲಿ. ಗೇಮ್ ತೆರೆದರೆ ಚಿತ್ರ ಬರುವುದಕ್ಕೂ ಮುಂಚೆ ಒಂದು ಕ್ಷಣ ಪರದೆ ಕಪ್ಪಾಗಿರುತ್ತದೆ. ಆಗ ಕೇಳಿಸುವುದು ಆ ಹುಡುಗ ತನ್ನ ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿದ ಮಳೆ.